ಖಾಲಿಯಾದ ಟ್ಯಾಂಕಿನ ತೂಕ

ಪ್ರಶ್ನೆ: ಸರ್, ನಾನು ಸಂಡೂರು ಕಡೆಯಿಂದ ಅದಿರಿನ ಲಾರಿ ಓಡಿಸ್ತೀನಿ. ಮಗ ಎಂಟನೇ ಕ್ಲಾಸು. ರಾಕೆಟ್ ಬಿಡೋದನ್ನ ಮೊಬೈಲಲ್ಲಿ ನೋಡಿ ದಿನಾ ಒಂದೊಂದು ಕೇಳ್ತಾನೆ. ಭೂಮಿ ಸೆಳೆತ ಬಿಡಿಸ್ಕೊಂಡು ರಾಕೆಟ್ ಹೆಂಗೆ ಹೋಗುತ್ತೆ? ನಂಗೂ ಒಂದು ಡೌಟು. ಅಷ್ಟು ದುಡ್ಡು ಹಾಕಿ ಮಾಡಿದ ಇಂಜಿನ್ನು, ಟ್ಯಾಂಕು ಎರಡೇ ನಿಮಿಷಕ್ಕೆ ಸಮುದ್ರಕ್ಕೆ ಬಿಸಾಡ್ತಾರಲ್ಲ, ಒಂದೇ ದೊಡ್ಡ ಟ್ಯಾಂಕು, ಒಂದೇ ದೊಡ್ಡ ಇಂಜಿನ್ ಇಟ್ರೆ ಆಗಲ್ವಾ?

ಉತ್ತರ: ಘನ ಇಂಧನದ ರಾಕೆಟ್ ಮೋಟರುಗಳ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೆ. ಲೋಡು, ಡೀಸೆಲ್ಲು, ಏರು ಎಂದರೆ ಏನೆಂದು ನಿಮಗೆ ಕೈಯಾರೆ ಗೊತ್ತಿದೆ. ನಿಮಗೆ ಇದನ್ನು ವಿವರಿಸುವುದು ನನಗೆ ಸುಲಭ.

ಮೊದಲು ಸೆಳೆತದ ವಿಷಯ. ಮೇಲೆ ಮೇಲೆ ಹೋದಂತೆ ಒಂದು ಕಡೆ ಭೂಮಿಯ ಸೆಳೆತ ಮುಗಿದು ಹೋಗುತ್ತದೆ, ಅಲ್ಲಿಗೆ ಮುಟ್ಟಿದರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 500 ಕಿಲೋಮೀಟರ್ ಎತ್ತರದ ಒಂದು ಗೋಪುರ ಕಟ್ಟಿ, ಅದರ ತುದಿಯಲ್ಲಿ ಒಂದು ಕ್ವಿಂಟಾಲ್ ಭತ್ತವನ್ನು ಸ್ಪ್ರಿಂಗ್ ತಕ್ಕಡಿಗೆ ತೂಗು ಹಾಕಿದಿರಿ ಎಂದುಕೊಳ್ಳಿ. ಅದು 86 ಕೆಜಿ ತೋರಿಸುತ್ತದೆ. ನಮ್ಮ ಎಷ್ಟೋ ಉಪಗ್ರಹಗಳು ಸುತ್ತುವ ಎತ್ತರ ಅದು. ಅಲ್ಲಿಯೂ ಸೆಳೆತ ಹೆಚ್ಚು ಕಡಿಮೆ ಇಲ್ಲಿಯಷ್ಟೇ ಇದೆ. ಬರೀ ಎತ್ತರಕ್ಕೆ ಒಯ್ದು ಕೈಬಿಟ್ಟರೆ ಉಪಗ್ರಹ ಕಲ್ಲಿನ ಹಾಗೆ ಕೆಳಗೆ ಬರುತ್ತದೆ.

ಹಾಗಾದರೆ ಅದು ಬೀಳದೆ ಉಳಿಯುವುದು ಹೇಗೆ? ಅಡ್ಡ ವೇಗದಿಂದ. ನಾನು ಹುಟ್ಟಿದ್ದು ಕೊಪ್ಪಳ ಕಡೆಯ ಹಳ್ಳಿಯಲ್ಲಿ. ಜೋಳ ಹಾಲುಗಾಳಾದಾಗ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸಲು ಕವಣೆ ಬೀಸುತ್ತಿದ್ದೆವು. ಮೆಲ್ಲಗೆ ಬೀಸಿದ ಕಲ್ಲು ಹೊಲದಲ್ಲೇ ಬೀಳುತ್ತಿತ್ತು. ಜೋರಾಗಿ ಬೀಸಿದ್ದು ಬದುವಿನಾಚೆ ಹೋಗಿ ಬೀಳುತ್ತಿತ್ತು. ಎರಡೂ ಬೀಳುತ್ತವೆ, ಆದರೆ ಜೋರಿದ್ದಷ್ಟೂ ದೂರ ಹೋಗಿ ಬೀಳುತ್ತವೆ. ಈಗ ಇನ್ನೂ ಜೋರಾಗಿ ಬೀಸಿದೆವು, ಗಾಳಿಯ ತಡೆಯೂ ಇಲ್ಲ ಎಂದುಕೊಳ್ಳಿ. ಕೈಬಿಟ್ಟ ವಸ್ತು ಮೊದಲ ಒಂದು ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಕೆಳಗೆ ಬೀಳುತ್ತದೆ. ಭೂಮಿ ಗುಂಡಗಿದೆಯಲ್ಲ, ಅದರ ಮೈ ಪ್ರತಿ 8 ಕಿಲೋಮೀಟರಿಗೆ ಅದೇ 5 ಮೀಟರ್ ಕೆಳಕ್ಕೆ ಬಾಗುತ್ತದೆ. ಅಂದರೆ ಕಲ್ಲು ಸೆಕೆಂಡಿಗೆ 8 ಕಿಲೋಮೀಟರ್ ಅಡ್ಡ ಓಡಿದರೆ, ಅದು ಎಷ್ಟು ಬೀಳುತ್ತದೋ ನೆಲವೂ ಅಷ್ಟೇ ಕೆಳಗೆ ಸರಿದಿರುತ್ತದೆ. ಬೀಳುತ್ತಲೇ ಇರುತ್ತದೆ, ನೆಲ ಮುಟ್ಟುವುದಿಲ್ಲ. ಕಕ್ಷೆ ಎಂದರೆ ಇದೇ. ಸೆಳೆತದಿಂದ ಬಿಡಿಸಿಕೊಂಡದ್ದಲ್ಲ, ಸೆಳೆತದ ಜೊತೆಗೇ ಸುತ್ತುವುದು.

ಕೆಳಗಿನ ಕಕ್ಷೆಗಳಲ್ಲಿ ಬೇಕಾದ ವೇಗ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್. ಆ ವೇಗದಲ್ಲಿ ಕೊಪ್ಪಳದಿಂದ ಬಳ್ಳಾರಿಗೆ ಹನ್ನೊಂದು ಹನ್ನೆರಡು ಸೆಕೆಂಡು. ಭೂಮಿಯನ್ನು ಪೂರ್ತಿ ಬಿಟ್ಟು ಹೋಗಬೇಕಾದರೆ, ಅಂದರೆ ಮಂಗಳನ ಕಡೆಗೆ ಹೋಗುವ ಹಾಗೆ, ನೆಲದ ಮಟ್ಟದ ಲೆಕ್ಕದಲ್ಲಿ ಸೆಕೆಂಡಿಗೆ 11.2 ಕಿಲೋಮೀಟರ್ ಬೇಕು. ಆಗಲೂ ಸೆಳೆತ ಇಲ್ಲವಾಗುವುದಿಲ್ಲ. ಅದು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಆದರೆ ದೂರ ಹೋದಂತೆ ಅದರ ಬಲ ಕಡಿಮೆಯಾಗುತ್ತದೆ, ಇಷ್ಟು ವೇಗವಿದ್ದ ವಸ್ತುವನ್ನು ಪೂರ್ತಿ ನಿಲ್ಲಿಸಿ ತಿರುಗಿಸಲು ಸಾಕಾಗುವುದಿಲ್ಲ.

ಇನ್ನು ನಿಮ್ಮ ಡೌಟಿಗೆ ಬರೋಣ. ಅಸಲು ಕಷ್ಟ ಇರುವುದು ಅಲ್ಲೇ.

ನಿಮ್ಮ ಲಾರಿ ಲೋಡು ಹೇರಿಕೊಂಡಾಗ ಅದರ ಒಟ್ಟು ತೂಕದಲ್ಲಿ ಡೀಸೆಲ್ಲಿನ ಪಾಲು ನೂರಕ್ಕೆ ಒಂದರ ಆಸುಪಾಸು. ಮುಗಿದರೆ ದಾರಿಯಲ್ಲಿ ಬಂಕ್ ಇದೆ. ಡೀಸೆಲ್ ಉರಿಯಲು ಬೇಕಾದ ಗಾಳಿಯನ್ನು ಇಂಜಿನ್ನು ಹೊರಗಿನಿಂದ ಎಳೆದುಕೊಳ್ಳುತ್ತದೆ. ಚಕ್ರಕ್ಕೆ ಒತ್ತಲು ರಸ್ತೆ ಇದೆ. ರಾಕೆಟ್ಟಿಗೆ ಈ ಮೂರರಲ್ಲಿ ಒಂದೂ ಇಲ್ಲ. ಬಂಕ್ ಇಲ್ಲ, ಗಾಳಿ ಇಲ್ಲ, ರಸ್ತೆ ಇಲ್ಲ. ಉರಿಸುವುದನ್ನೂ ಹೊರಬೇಕು, ಅದು ಉರಿಯಲು ಬೇಕಾದ ಆಮ್ಲಜನಕವನ್ನೂ ಹೊರಬೇಕು. ಒತ್ತಲು ಏನೂ ಇಲ್ಲದ್ದರಿಂದ ತನ್ನದೇ ಹೊಗೆಯನ್ನು ಹಿಂದಕ್ಕೆ ಎಸೆದು ತಾನು ಮುಂದಕ್ಕೆ ಹೋಗಬೇಕು. ಹಾಗಾಗಿ ರಾಕೆಟ್ಟಿನ ತೂಕದಲ್ಲಿ ಬಹುಪಾಲು ಇಂಧನವೇ. ಹತ್ತಿರ ಹತ್ತಿರ ನೂರಕ್ಕೆ ತೊಂಬತ್ತು ಎನ್ನಿ.

ಈ ಲೆಕ್ಕವನ್ನು ರಷ್ಯಾದ ಒಬ್ಬ ಶಾಲಾ ಮೇಷ್ಟ್ರು, ಸಿಯೊಲ್ಕೊವ್ಸ್ಕಿ, 1903ರಲ್ಲಿ ಪ್ರಕಟಿಸಿದರು. ಆಗ ಜಗತ್ತಿನಲ್ಲಿ ಅಂತರಿಕ್ಷಕ್ಕೆ ಹೋಗುವ ರಾಕೆಟ್ಟೇ ಇರಲಿಲ್ಲ. ಮಗ ಪಿಯುಸಿಗೆ ಬಂದಾಗ ಓದಲಿ ಎಂದು ಸೂತ್ರ ಬರೆದಿಡುತ್ತೇನೆ:

```
Δv = u × ln(M / m)
```

ಇದರಲ್ಲಿ Δv ಎಂದರೆ ಗಳಿಸುವ ವೇಗ, u ಎಂದರೆ ಹೊಗೆ ಹೊರಗೆ ಹೋಗುವ ವೇಗ, M ಹೊರಡುವಾಗಿನ ತೂಕ, m ಇಂಧನ ಉರಿದು ಮುಗಿದ ಮೇಲಿನ ತೂಕ. ಬಾಯಿಮಾತಿನಲ್ಲಿ ಹೇಳುವುದಾದರೆ ಹೀಗೆ: ಹೊಗೆ ಎಷ್ಟು ವೇಗದಲ್ಲಿ ಹೋಗುತ್ತದೋ ಅಷ್ಟು ವೇಗವನ್ನು ರಾಕೆಟ್ ಒಂದು ಸಲ ಗಳಿಸಬೇಕಾದರೆ, ತನ್ನ ತೂಕವನ್ನು 2.7 ಪಾಲಿನಲ್ಲಿ ಒಂದು ಪಾಲಿಗೆ ಇಳಿಸಿಕೊಳ್ಳಬೇಕು. ಇನ್ನೊಂದು ಸಲ ಅಷ್ಟೇ ವೇಗ ಬೇಕೆಂದರೆ, ಉಳಿದದ್ದರಲ್ಲಿ ಮತ್ತೆ 2.7ರಲ್ಲಿ ಒಂದು ಪಾಲು. ಕೂಡುವ ಕಳೆಯುವ ಲೆಕ್ಕ ಅಲ್ಲ ಇದು, ಭಾಗಿಸುವ ಲೆಕ್ಕ. ಅದಕ್ಕೇ ಇಷ್ಟು ನಿರ್ದಯ.

ಒಂದು ರಾಕೆಟ್ಟನ್ನು ಕಾಗದದ ಮೇಲೆ ಕಟ್ಟಿ ನೋಡೋಣ. ಹೊರಡುವಾಗ ತೂಕ 100 ಟನ್. ಹೊಗೆಯ ವೇಗ ಸೆಕೆಂಡಿಗೆ 3 ಕಿಲೋಮೀಟರ್. ವಿಪರೀತ ತಣ್ಣಗೆ ಮಾಡಿ ದ್ರವವಾಗಿಸಿದ ಕ್ರಯೋಜೆನಿಕ್ ಇಂಧನ ಬಿಟ್ಟು ಬೇರೆಯವಕ್ಕೆ ಇದು ಒಳ್ಳೆಯ ವೇಗವೇ. ಗಳಿಸಬೇಕಾದ ವೇಗ ಎಷ್ಟು? ಕಕ್ಷೆಗೆ 7.7 ಸಾಕು ಎಂದರೂ, ಏರುವಾಗ ಸೆಳೆತದ ವಿರುದ್ಧ ಮತ್ತು ಗಾಳಿಯ ವಿರುದ್ಧ ಸ್ವಲ್ಪ ಕಳೆದುಹೋಗುತ್ತದೆ. ಬೆಂಕಿ ಉಗುಳುತ್ತಾ ಒಂದು ನಿಮಿಷ ಸುಮ್ನೆ ನೆಟ್ಟಗೆ ನಿಂತರೂ ಸೆಕೆಂಡಿಗೆ 590 ಮೀಟರ್ ವೇಗ ಕೊಡಬಹುದಾಗಿದ್ದ ಇಂಧನ ಹೋಯಿತು. ಇಂಥದ್ದನ್ನೆಲ್ಲ ಸೇರಿಸಿ 9.4 ಎಂದು ಇಟ್ಟುಕೊಳ್ಳೋಣ.

ಮೊದಲ 3 ಕಿಲೋಮೀಟರ್ ವೇಗ ಗಳಿಸುವಷ್ಟರಲ್ಲಿ 100 ಟನ್ 37 ಟನ್ ಆಗುತ್ತದೆ. 6 ಮುಟ್ಟುವಾಗ 13.5 ಟನ್. 9 ಮುಟ್ಟುವಾಗ 5 ಟನ್. 9.4ಕ್ಕೆ ಉಳಿಯುವುದು 4.4 ಟನ್. ಮಿಕ್ಕ 95.6 ಟನ್ ಇಂಧನವಾಗಿ ಉರಿದು ಹೋಗಿದೆ. ಈ 4.4 ಟನ್ನಿನಲ್ಲಿ ಟ್ಯಾಂಕ್, ಇಂಜಿನ್, ಪೈಪು, ವೈರು, ಕಂಪ್ಯೂಟರ್, ಉಪಗ್ರಹ ಎಲ್ಲ ಬರಬೇಕು. ಹತ್ತು ಟನ್ ಇಂಧನ ಹಿಡಿದು ಉರಿಸಲು ಒಂದು ಟನ್ ಲೋಹ ಬೇಕು ಎಂದುಕೊಂಡರೆ, ಟ್ಯಾಂಕು ಇಂಜಿನ್ನಿಗೇ 9.5 ಟನ್ ಬೇಕಾಯಿತು. ಇರುವುದು 4.4. ಉಪಗ್ರಹದ ಮಾತು ಬಿಡಿ, ಖಾಲಿ ರಾಕೆಟ್ಟೇ ಕಕ್ಷೆ ಮುಟ್ಟುವುದಿಲ್ಲ.

ಇದನ್ನು ಇನ್ನೂ ದೊಡ್ಡದು ಮಾಡಿದರೆ? 100 ಟನ್ ಬದಲು 1000 ಟನ್ ಮಾಡಿದರೆ? ನೀವು ಕೇಳಿದ್ದು ಇದನ್ನೇ. ಪ್ರಯೋಜನವಿಲ್ಲ, ಏಕೆಂದರೆ ಲೆಕ್ಕ ನಡೆಯುವುದು ಪಾಲಿನ ಮೇಲೆ, ಟನ್ನಿನ ಮೇಲಲ್ಲ. ಆಗ ಉಳಿಯುವುದು 44 ಟನ್, ಬೇಕಾದ ಲೋಹ 95 ಟನ್. ಎಲ್ಲವೂ ಹತ್ತು ಪಟ್ಟು ಆಯಿತು, ಕೊರತೆಯೂ ಹತ್ತು ಪಟ್ಟು ಆಯಿತು.

ಈಗ ಅದೇ 100 ಟನ್ನನ್ನು ಎರಡು ಹಂತ ಮಾಡಿ, ಅಂದರೆ ಒಂದರ ಮೇಲೊಂದು ಕೂರಿಸಿದ, ತಮ್ಮ ತಮ್ಮದೇ ಟ್ಯಾಂಕು ಇಂಜಿನ್ನಿರುವ ಎರಡು ರಾಕೆಟ್. ಒಂದೊಂದು ಹಂತಕ್ಕೆ 4.7 ಕಿಲೋಮೀಟರ್ ವೇಗದ ಕೆಲಸ. ಮೊದಲ ಹಂತ ತನ್ನ ಕೆಲಸ ಮುಗಿಸಿದಾಗ ಉಳಿದದ್ದು ಸುಮಾರು 21 ಟನ್. ಉರಿದ ಇಂಧನ 79 ಟನ್, ಅದನ್ನು ಹಿಡಿದಿದ್ದ ಲೋಹ ಸುಮಾರು 8 ಟನ್. ಆ 8 ಟನ್ನನ್ನು ಅಲ್ಲೇ ಕಳಚಿಬಿಡಿ. ಉಳಿದ 13 ಟನ್ ಈಗ ಹೊಸ ರಾಕೆಟ್. ಅದು ಈಗಾಗಲೇ ಓಡುತ್ತಿದೆ, ಮತ್ತು ಖಾಲಿ ಡಬ್ಬವನ್ನು ಹೊರುತ್ತಿಲ್ಲ. ಅದು ಇನ್ನೊಂದು 4.7 ಗಳಿಸಿದಾಗ 2.7 ಟನ್ ಉಳಿಯುತ್ತದೆ. ಅದರಲ್ಲಿ ಅದರ ಲೋಹ 1 ಟನ್. ಉಪಗ್ರಹಕ್ಕೆ 1.7 ಟನ್ ಸಿಕ್ಕಿತು. ಅದೇ ಇಂಧನ, ಅದೇ ಲೋಹ. ನಡುವೆ ಒಂದು ಸಲ ಕಳಚಿದ್ದಷ್ಟೇ ವ್ಯತ್ಯಾಸ.

ಮೂರು ಹಂತ ಮಾಡಿದರೆ ಸುಮಾರು 2.4 ಟನ್ ಸಿಗುತ್ತದೆ. ನಾಲ್ಕು ಮಾಡಿದರೆ 2.6. ಗಮನಿಸಿದಿರಾ? ಒಂದರಿಂದ ಎರಡಕ್ಕೆ ಹೋದಾಗ ಆಗದ್ದು ಆಯಿತು. ಎರಡರಿಂದ ಮೂರಕ್ಕೆ 700 ಕೆಜಿ ಲಾಭ. ಮೂರರಿಂದ ನಾಲ್ಕಕ್ಕೆ 200 ಕೆಜಿ ಲೆಕ್ಕದ್ದು. ಇಪ್ಪತ್ತು ಹಂತ ಮಾಡಿದರೂ ಇದೇ ಲೆಕ್ಕದಲ್ಲಿ 3.2 ಟನ್ ದಾಟುವುದಿಲ್ಲ. ಅದಕ್ಕೇ ಜಗತ್ತಿನ ರಾಕೆಟ್ಟುಗಳು ಹೆಚ್ಚಾಗಿ ಎರಡು, ಮೂರು, ನಾಲ್ಕು ಹಂತಕ್ಕೆ ನಿಲ್ಲುತ್ತವೆ.

ನಮ್ಮ ಇಸ್ರೋದ ರಾಕೆಟ್ ಪಿಎಸ್‌ಎಲ್‌ವಿಗೆ ನಾಲ್ಕು ಹಂತ. 44 ಮೀಟರ್ ಎತ್ತರ, ದೊಡ್ಡ ಮಾದರಿಯದು ಹೊರಡುವಾಗ 320 ಟನ್. ಮೊದಲ ಹಂತದಲ್ಲಿ ಸುಮಾರು 138 ಟನ್ ಘನ ಇಂಧನ. ಅದು ರಬ್ಬರಿನಂತೆ ಗಟ್ಟಿಯಾಗಿರುತ್ತದೆ. ಅದರ ಖಾಲಿ ಕವಚವೇ 30 ಟನ್, ನಾನು ಮೇಲೆ ಇಟ್ಟುಕೊಂಡ ಹತ್ತಕ್ಕೊಂದರ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ. ಏಕೆಂದರೆ ಘನ ಇಂಧನದ ಮೋಟರಿನಲ್ಲಿ ಟ್ಯಾಂಕೇ ಒಲೆ. ಒಳಗಿನ ಒತ್ತಡ, ಬೆಂಕಿ ಎರಡನ್ನೂ ಆ ಉಕ್ಕಿನ ಕವಚವೇ ತಡೆಯಬೇಕು. ಎರಡು ನಿಮಿಷ ಆಗುವ ಮೊದಲೇ ಅದು ಉರಿದು ಮುಗಿಯುತ್ತದೆ. ಆಗ ವೇಗ ಸೆಕೆಂಡಿಗೆ ಸುಮಾರು 2 ಕಿಲೋಮೀಟರ್. ಆ 30 ಟನ್ ಖಾಲಿ ಉಕ್ಕನ್ನು ಬಂಗಾಳ ಕೊಲ್ಲಿಗೆ ಬಿಡದೆ ಮೇಲಕ್ಕೆ ಒಯ್ದೆವು ಎಂದುಕೊಳ್ಳಿ. ಕೊನೆಗೆ ಕಕ್ಷೆಗೆ ಸೇರಬೇಕಾದ ಉಪಗ್ರಹ 1.75 ಟನ್ ಮಾತ್ರ. ಒಂದು ಬುಟ್ಟಿ ಟೊಮೇಟೊ ಸಂತೆಗೆ ಒಯ್ಯಲು ಒಂದು ಖಾಲಿ ಟಿಪ್ಪರನ್ನು ಟೋಯಿಂಗ್ ಮಾಡಿಕೊಂಡು ಘಟ್ಟ ಹತ್ತಿದಂತೆ.

ಒಂದೇ ಇಂಜಿನ್ ಸಾಲದು ಎನ್ನಲು ಇನ್ನೊಂದು ಕಾರಣವೂ ಇದೆ. ಮೊದಲ ಹಂತದ ಕೆಲಸ ನೆಲದಿಂದ 320 ಟನ್ನನ್ನು ಎತ್ತುವುದು. ಅದಕ್ಕೆ ಆ ತೂಕಕ್ಕಿಂತ ಹೆಚ್ಚಿನ ಒತ್ತು ಬೇಕೇ ಬೇಕು. ಪಿಎಸ್‌ಎಲ್‌ವಿಯ ಮೊದಲ ಹಂತ ಸುಮಾರು 490 ಟನ್ ತೂಕ ಎತ್ತುವಷ್ಟು ತಳ್ಳುತ್ತದೆ. ಕೊನೆಯ ಹೊತ್ತಿಗೆ ಉಳಿದಿರುವುದು ನಾಲ್ಕೈದು ಟನ್. ಅದನ್ನು ಇದೇ ಇಂಜಿನ್ನಿನಿಂದ ತಳ್ಳಿದರೆ ಉಪಗ್ರಹ ನುಚ್ಚುನೂರಾಗುತ್ತದೆ. ನಾಲ್ಕನೇ ಹಂತದಲ್ಲಿ ಎರಡು ಪುಟ್ಟ ಇಂಜಿನ್ನುಗಳಿವೆ. ಎರಡೂ ಸೇರಿ ತಳ್ಳುವುದು ಸುಮಾರು ಒಂದೂವರೆ ಟನ್ ತೂಕದಷ್ಟು. ನಿಮ್ಮ ಮಗನಿಗೆ ಇದನ್ನು ಹೇಳಿ, ಅವನಿಗೆ ಇಷ್ಟವಾಗುತ್ತದೆ: ಆ ನಾಲ್ಕನೇ ಹಂತವನ್ನು ನೆಲದ ಮೇಲೆ ನಿಲ್ಲಿಸಿ ಹೊತ್ತಿಸಿದರೆ ತನ್ನ ತೂಕವನ್ನೇ ಎತ್ತಲಾರದು, ಒಂದಿಂಚೂ ಏಳುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಅದು ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಅಡ್ಡ ಓಡುತ್ತಿರುತ್ತದೆ. ಬೀಳುವುದನ್ನು ಬಹುಪಾಲು ಆ ವೇಗವೇ ನೋಡಿಕೊಳ್ಳುತ್ತದೆ. ಇಂಜಿನ್ನು ನಿಮಿಷಗಟ್ಟಲೆ ಮೆಲ್ಲಗೆ ತಳ್ಳುತ್ತಾ ಉಳಿದ ವೇಗವನ್ನು ಅಳೆದು ತುಂಬಿಸಿದರೆ ಸಾಕು.

ಹಂತ ಕಳಚುವುದು ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ. ಪಿಎಸ್‌ಎಲ್‌ವಿಯಲ್ಲಿ ಮೊದಲ ಮತ್ತು ಎರಡನೇ ಹಂತದ ನಡುವಿನ ಉಂಗುರವನ್ನು ಸುತ್ತಲೂ ಅಂಟಿಸಿದ ಸ್ಫೋಟಕದ ದಾರ ಒಂದೇ ಏಟಿಗೆ ಕತ್ತರಿಸುತ್ತದೆ. ಕೆಳಗಿನ ಹಂತಕ್ಕೆ ಕಟ್ಟಿದ ಚಿಕ್ಕ ರಾಕೆಟ್ಟುಗಳು ಅದನ್ನು ಹಿಂದಕ್ಕೆ ಎಳೆಯುತ್ತವೆ, ಇಲ್ಲದಿದ್ದರೆ ಅದು ಮೇಲಿನ ಹಂತಕ್ಕೆ ಗುದ್ದಬಹುದು. ಎರಡನೇ ಹಂತದ್ದು ದ್ರವ ಇಂಧನ. ನೀರಿನ ಟ್ಯಾಂಕರ್ ಬ್ರೇಕ್ ಹಾಕಿದಾಗ ಒಳಗಿನ ನೀರು ಮುಂದಕ್ಕೆ ನುಗ್ಗುವುದನ್ನು ನೀವು ಕಂಡಿದ್ದೀರಿ. ಇಲ್ಲೂ ಹಾಗೆ. ಮೊದಲ ಹಂತದ ತಳ್ಳುವಿಕೆ ನಿಂತೊಡನೆ ಇಂಧನ ಟ್ಯಾಂಕಿನ ತಳ ಬಿಟ್ಟು ತೇಲಬಹುದು. ಆಗ ಇಂಜಿನ್ನಿನ ಪೈಪಿಗೆ ಇಂಧನದ ಬದಲು ಗಾಳಿಗುಳ್ಳೆ ಹೋಗುತ್ತದೆ. ಅದಕ್ಕೇ ಇನ್ನು ಕೆಲವು ಪುಟ್ಟ ರಾಕೆಟ್ಟುಗಳು ಮೇಲಿನ ಹಂತವನ್ನು ಒಂದು ಕ್ಷಣ ಮುಂದಕ್ಕೆ ನೂಕಿ, ಇಂಧನವನ್ನು ತಳಕ್ಕೆ ಕೂರಿಸುತ್ತವೆ. ಆಮೇಲೆ ಇಂಜಿನ್ನು ಹೊತ್ತಿಕೊಳ್ಳುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು.

ಹಂತಗಳನ್ನು ಮನಸ್ಸಿಗೆ ಬಂದಷ್ಟು ಹೆಚ್ಚಿಸದಿರಲು ಇದೇ ಕಾರಣ. ಪ್ರತಿ ಕೀಲೂ ಕೆಡಬಹುದಾದ ಒಂದು ಜಾಗ. 2022ರ ಆಗಸ್ಟ್ 7ರಂದು ಎಸ್‌ಎಸ್‌ಎಲ್‌ವಿ ಎಂಬ ಚಿಕ್ಕ ರಾಕೆಟ್ ಮೊದಲ ಸಲ ಹಾರಿತು. ಮೂರು ಘನ ಇಂಧನದ ಹಂತಗಳು, ಕೊನೆಗೆ ವೇಗವನ್ನು ಸರಿ ಹೊಂದಿಸಲು ಒಂದು ಪುಟ್ಟ ದ್ರವ ಇಂಧನದ ಭಾಗ. ಎರಡನೇ ಹಂತ ಕಳಚುವಾಗ ಅಂದಾಜಿಗಿಂತ ಜೋರಾದ ನಡುಕ ಬಂತು. ವೇಗದ ಏರಿಳಿತ ಅಳೆಯುವ ಸೆನ್ಸರುಗಳು ಒಂದು ಕ್ಷಣ ತಮ್ಮ ಅಳತೆಯ ಮಿತಿ ದಾಟಿದವು. ಸೆನ್ಸರುಗಳು ಕೆಟ್ಟಿವೆ ಎಂದು ಕಂಪ್ಯೂಟರ್ ತೀರ್ಮಾನಿಸಿತು. ಅಸಲಿಗೆ ಅವು ಕೆಟ್ಟಿರಲಿಲ್ಲ. ಆದರೆ ರಾಕೆಟ್ ತುರ್ತು ಕ್ರಮಕ್ಕೆ ಬದಲಾಯಿತು, ಕೊನೆಯ ಪುಟ್ಟ ಭಾಗ ತನ್ನ ಕೆಲಸ ಮಾಡಲೇ ಇಲ್ಲ.

ಆಮೇಲೆ ಆದದ್ದು ಈ ಇಡೀ ವಿಷಯಕ್ಕೆ ಒಳ್ಳೆಯ ಪಾಠ. ಎತ್ತರಕ್ಕೇನೂ ಕೊರತೆ ಆಗಿರಲಿಲ್ಲ. ಉಪಗ್ರಹಗಳು 356 ಕಿಲೋಮೀಟರ್ ಎತ್ತರ ಮುಟ್ಟಿದ್ದವು. ಕೊರತೆಯಾದದ್ದು ಅಡ್ಡ ವೇಗ, ಅದೂ ನೂರಕ್ಕೆ ಒಂದು ಪಾಲಿನಷ್ಟು. ಅಷ್ಟಕ್ಕೇ ಗುಂಡಗಿರಬೇಕಿದ್ದ ಕಕ್ಷೆ ಮೊಟ್ಟೆಯಾಕಾರವಾಯಿತು. ಒಂದು ತುದಿ 356 ಕಿಲೋಮೀಟರ್ ಎತ್ತರದಲ್ಲಿ, ಇನ್ನೊಂದು ತುದಿ 76ರಲ್ಲಿ. 76 ಕಿಲೋಮೀಟರಿನಲ್ಲಿ ಇರುವ ಗಾಳಿ ತೆಳುವಾದರೂ ಆ ವೇಗಕ್ಕೆ ದೊಡ್ಡ ಬ್ರೇಕ್. ಉಪಗ್ರಹಗಳು ಕಕ್ಷೆಯಲ್ಲಿ ಉಳಿಯಲಿಲ್ಲ. ಅವುಗಳಲ್ಲಿ ಒಂದಕ್ಕೆ ದೇಶದ 75 ಶಾಲೆಗಳ 750 ಹೆಣ್ಣುಮಕ್ಕಳು ಉಪಕರಣ ಜೋಡಿಸಿದ್ದರು. ಆ ದಿನ ನನಗೆ ಬಹಳ ಸಂಕಟವಾಯಿತು. ಕಳಚುವ ವ್ಯವಸ್ಥೆಯನ್ನೂ ಕಂಪ್ಯೂಟರಿನ ತರ್ಕವನ್ನೂ ಬದಲಿಸಿದರು. 2023ರ ಫೆಬ್ರವರಿ 10ರಂದು ಎರಡನೇ ಸಲ ಹಾರಿದಾಗ ಎಸ್‌ಎಸ್‌ಎಲ್‌ವಿ ಸರಿಯಾದ ಕಕ್ಷೆ ಸೇರಿತು.

ಭೂಮಿಯನ್ನು ಪೂರ್ತಿ ಬಿಟ್ಟು ಹೋಗುವ ಕೆಲಸ ಹೇಗೆ ಆಗುತ್ತದೆ ಎನ್ನುವುದಕ್ಕೆ ಮಂಗಳಯಾನವೇ ಉದಾಹರಣೆ. 2013ರ ನವೆಂಬರ್ 5ರಂದು ಪಿಎಸ್‌ಎಲ್‌ವಿ ಅದನ್ನು ಭೂಮಿಯ ಸುತ್ತಲಿನ ಉದ್ದನೆಯ ಕಕ್ಷೆಗೆ ಮಾತ್ರ ಸೇರಿಸಿತು. ಮುಂದಿನದು ನೌಕೆಯದೇ ಕೆಲಸ. ಅದರ ತೂಕ 1337 ಕೆಜಿ, ಅದರಲ್ಲಿ 852 ಕೆಜಿ ಇಂಧನ! ಅಂದರೆ ನೌಕೆಯೇ ಐದನೇ ಹಂತ. ಅದರ ಇಂಜಿನ್ನಿನ ಒತ್ತು ಬರೀ 45 ಕೆಜಿ ತೂಕದಷ್ಟು. ಭೂಮಿಗೆ ಹತ್ತಿರ ಬಂದಾಗಲೆಲ್ಲ ಅದನ್ನು ಉರಿಸಿ, ಕಕ್ಷೆಯನ್ನು ಹಂತ ಹಂತವಾಗಿ ಹಿಗ್ಗಿಸಿದರು. ಡಿಸೆಂಬರ್ 1ರ ನಡುರಾತ್ರಿ ಕಳೆದ ಮೇಲೆ ಸುಮಾರು 22 ನಿಮಿಷ ಉರಿಸಿ ಸೆಕೆಂಡಿಗೆ 648 ಮೀಟರ್ ವೇಗ ಸೇರಿಸಿದರು. ಆಗ ಅದು ಭೂಮಿಯಿಂದ ಬಿಡಿಸಿಕೊಂಡಿತು.

ಬಿಸಾಡುವ ಖರ್ಚಿನ ಬಗ್ಗೆ ನಿಮಗಿರುವ ಸಂಕಟ ಸರಿಯಾದದ್ದೇ. ಅಮೆರಿಕದ ಫಾಲ್ಕನ್ 9 ರಾಕೆಟ್ಟಿನ ಮೊದಲ ಹಂತ 2015ರ ಡಿಸೆಂಬರಿನಿಂದ ವಾಪಸ್ ಬಂದು ಇಳಿಯುತ್ತಿದೆ. ಆದರೆ ಅಲ್ಲೂ ಹಂತಗಳು ಎರಡು. ಕಳಚಿದ ಮೇಲೆಯೇ ಅದು ವಾಪಸ್ ಬರುವುದು. ಇಳಿಯಲು ಸ್ವಲ್ಪ ಇಂಧನ ಉಳಿಸಿಕೊಳ್ಳಬೇಕು, ಅಷ್ಟರ ಮಟ್ಟಿಗೆ ಉಪಗ್ರಹದ ತೂಕ ಕಡಿಮೆಯಾಗುತ್ತದೆ. ಲಾಭ ನಷ್ಟ ತೂಗಿ ನೋಡಿದರೆ ಬಹಳ ಸಲ ಹಾರಿಸುವವರಿಗೆ ಅದು ಲಾಭವೇ. ನಮ್ಮಲ್ಲೂ ಪ್ರಯತ್ನ ನಡೆದಿದೆ, ಅದೂ ನಿಮಗೆ ಹತ್ತಿರದ ಚಳ್ಳಕೆರೆಯಲ್ಲಿ. 2023ರ ಏಪ್ರಿಲ್ 2ರಂದು ರೆಕ್ಕೆಯಿರುವ ಒಂದು ಪುಟ್ಟ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟರು. ಅದು ತಾನಾಗಿಯೇ ಹಾರಿ ಬಂದು ಅಲ್ಲಿನ ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಇನ್ನೆರಡು ಸಲ ಇಳಿಸಿದರು.

ಮುಂದಿನ ಸಲ ಮಗನ ಜೊತೆ ಉಡಾವಣೆ ನೋಡುವಾಗ ಬೆಂಕಿ ಹೊಗೆ ನೋಡಿ ಮುಗಿಸಬೇಡಿ. ಪರದೆಯ ಮೇಲೆ ಗೆರೆಗಳ ನಕ್ಷೆ ಬರುತ್ತದೆ. ಮೊದಲೇ ಲೆಕ್ಕ ಹಾಕಿಟ್ಟ ದಾರಿ ಒಂದು ಗೆರೆ, ರಾಕೆಟ್ ನಿಜವಾಗಿ ಹೋಗುತ್ತಿರುವ ದಾರಿ ಇನ್ನೊಂದು. ಎತ್ತರದ ಅಂಕಿಯ ಜೊತೆಗೆ ವೇಗದ ಅಂಕಿಯನ್ನು ನೋಡಲು ಹೇಳಿ. ಒಂದೊಂದು ಹಂತ ಕಳಚುವಾಗ ವೇಗ ಏರುವುದು ಒಂದು ಗಳಿಗೆ ನಿಲ್ಲುತ್ತದೆ, ಮುಂದಿನ ಇಂಜಿನ್ನು ಹೊತ್ತಿದ ಕೂಡಲೇ ಮತ್ತೆ ಏರುತ್ತದೆ. ಹೊತ್ತಿಕೊಳ್ಳದಿದ್ದರೆ, ಅಥವಾ 2025ರ ಮೇ 18ರಂದು ಪಿಎಸ್‌ಎಲ್‌ವಿಯ ಮೂರನೇ ಹಂತದಲ್ಲಿ ಆದ ಹಾಗೆ ಒಳಗಿನ ಒತ್ತಡ ಕುಸಿದರೆ, ವೇಗ ಬೇಕಾದಷ್ಟು ಏರುವುದಿಲ್ಲ. ಎರಡು ಗೆರೆಗಳು ಬೇರೆಯಾಗುತ್ತಾ ಹೋಗುತ್ತವೆ. ಕಂಟ್ರೋಲ್ ರೂಮಿನಲ್ಲಿ ಕುಳಿತವರು ಮೊದಲು ನೋಡುವುದೂ ಅದನ್ನೇ. ಎಲ್ಲ ಸರಿ ಹೋದರೆ ನಾಲ್ಕನೇ ಹಂತದ ಕೊನೆಗೆ ವೇಗದ ಅಂಕಿ 7.5ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ಇಂಜಿನ್ನು ಆರುತ್ತದೆ, ಸ್ವಲ್ಪ ಹೊತ್ತಿಗೆ ಉಪಗ್ರಹ ಬೇರೆಯಾಗುತ್ತದೆ.